ಮಗುವಿನ ಸಿರಪ್ ಅಳೆಯುವ ಕ್ರಮ: ಸಿರಿಂಜು, ಅಳತೆ ಮುಚ್ಚಳ ಮತ್ತು ಅಡುಗೆಮನೆಯ ಚಮಚ

ವೈದ್ಯರು ಬರೆದುಕೊಟ್ಟಷ್ಟೇ ಸಿರಪ್ ಕೊಟ್ಟೆವು, ಆದರೂ ಜ್ವರ ಇಳಿಯಲಿಲ್ಲ ಎಂದು ಹೇಳುವ ಮನೆಗಳಲ್ಲಿ ಔಷಧವನ್ನು ಯಾವುದರಲ್ಲಿ ಅಳೆದಿರಿ ಎಂದು ಕೇಳಿದರೆ, ಹೆಚ್ಚಿನ ಸಲ ಬರುವ ಉತ್ತರ ಚಮಚ ಎಂಬುದೇ ಆಗಿರುತ್ತದೆ. ಅದು ಯಾವ ಚಮಚ ಎಂಬ ಪ್ರಶ್ನೆಗೆ ಉತ್ತರ ಬರುವುದು ಅಪರೂಪ. ಬಾಟಲಿಯ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳವನ್ನು ಬಳಸುವವರೂ ಅದನ್ನು ಕೈಯಲ್ಲಿ ಎತ್ತಿ ಹಿಡಿದು, ಬಲ್ಬಿನ ಕಡೆಗೆ ಓರೆಯಾಗಿಸಿ ನೋಡುತ್ತಾರೆ. ಸಿರಿಂಜು ತಂದವರಲ್ಲಿ ಕೆಲವರು ಅದರ ಗೆರೆಗಳನ್ನು ತಪ್ಪಾಗಿ ಎಣಿಸುತ್ತಾರೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸಾಧನಗಳ ಆಯ್ಕೆಗಿಂತ ಕೆಲಸದ ಅನುಕ್ರಮಕ್ಕೆ ಹೆಚ್ಚು ಜಾಗ ಕೊಡಲಾಗಿದೆ: ಮೊದಲು ಬಾಟಲಿಯನ್ನು ಓದಬೇಕು, ಆಮೇಲೆ ಮಿಲಿಲೀಟರ್ ನಿಶ್ಚಯಿಸಬೇಕು, ಅದಾದ ಮೇಲಷ್ಟೇ ಅಳೆಯುವ ಸಾಧನವನ್ನು ಕೈಗೆತ್ತಿಕೊಳ್ಳಬೇಕು.

ಉದಾಹರಣೆಗೆ ಒಂದೇ ಸಂದರ್ಭವನ್ನು ಕೊನೆಯವರೆಗೆ ಇಟ್ಟುಕೊಳ್ಳೋಣ. ಹೊಸನಗರ ತಾಲ್ಲೂಕಿನ ಒಂದು ಮನೆಯಲ್ಲಿ ಎರಡೂವರೆ ವರ್ಷದ, 12 ಕೆ.ಜಿ. ತೂಕದ ಹೆಣ್ಣುಮಗುವಿಗೆ ಜ್ವರ ಬಂದಿದೆ ಎಂದುಕೊಳ್ಳಿ. ವೈದ್ಯರು ಪ್ಯಾರಾಸಿಟಮಾಲ್ ಸಿರಪ್ ಬರೆದು, ಒಂದು ಸಲಕ್ಕೆ 6 ಮಿ.ಲೀ. ಕೊಡಲು ಹೇಳಿದ್ದಾರೆ.

## ಬೇಕಾಗುವ ವಸ್ತುಗಳು

ಸೂಜಿಯಿಲ್ಲದ 5 ಮಿ.ಲೀ. ಅಥವಾ 10 ಮಿ.ಲೀ. ಸಿರಿಂಜು ಒಂದು, ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳ, ತೊಳೆದು ಒಣಗಿಸಿದ ಸಣ್ಣ ಸ್ಟೀಲ್ ಬಟ್ಟಲು, ಬರೆದಿಡಲು ಕಾಗದ ಮತ್ತು ಪೆನ್ನು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಊರುಗಳಲ್ಲಿ ಒಂದು ಟಾರ್ಚ್ ಕೂಡ ಬೇಕು. ಮೊಬೈಲಿನ ಟಾರ್ಚನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಅಳೆಯುವುದು ಬೇಡ. ಬೆಳಕನ್ನು ಇನ್ನೊಬ್ಬರು ಹಿಡಿಯಲಿ, ಇಲ್ಲವೇ ಟಾರ್ಚನ್ನು ಲೋಟಕ್ಕೆ ಆನಿಸಿ ನಿಲ್ಲಿಸಿ.

## ಹಂತ 1: ಬಾಟಲಿಯ ಮೇಲಿನ ಸಾಂದ್ರತೆಯನ್ನು ಓದಿ

ಔಷಧದ ಹೆಸರು ಒಂದೇ ಆಗಿದ್ದರೂ ಬಾಟಲಿಗಳು ಒಂದೇ ಅಲ್ಲ. ನಮ್ಮಲ್ಲಿ ಸಿಗುವ ಮಕ್ಕಳ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಮೂರು ಬಗೆಯ ಗಾಢತೆಯಲ್ಲಿ ಇರುತ್ತದೆ. ಒಂದರಲ್ಲಿ ಪ್ರತಿ 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ. ಔಷಧವಿರುತ್ತದೆ. ಇನ್ನೊಂದರಲ್ಲಿ ಅದೇ 5 ಮಿ.ಲೀ.ಗೆ 250 ಮಿ.ಗ್ರಾಂ. ಇರುತ್ತದೆ. ಮೂರನೆಯದು ಹಸುಗೂಸುಗಳಿಗೆ ಕೊಡುವ ಡ್ರಾಪ್ಸ್; ಅದರಲ್ಲಿ ಪ್ರತಿ 1 ಮಿ.ಲೀ.ಗೇ 100 ಮಿ.ಗ್ರಾಂ. ಇರುತ್ತದೆ. ಅತಿ ಚಿಕ್ಕ ಮಗುವಿಗೆಂದು ತಯಾರಾದದ್ದು ಅತಿ ಗಾಢವಾಗಿರುತ್ತದೆ ಎಂಬುದು ಅನೇಕರಿಗೆ ಅನಿರೀಕ್ಷಿತ. ಹಸುಗೂಸು ಹೆಚ್ಚು ದ್ರವ ನುಂಗಲಾರದ್ದರಿಂದ ಔಷಧವನ್ನು ಕಡಿಮೆ ದ್ರವದಲ್ಲಿ ತುಂಬಿರುತ್ತಾರೆ, ಅಷ್ಟೇ.

ನಮ್ಮ ಉದಾಹರಣೆಯ ವೈದ್ಯರು 6 ಮಿ.ಲೀ. ಎಂದು ಬರೆದದ್ದು 120ರ ಬಾಟಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಬಾಟಲಿಯಲ್ಲಿ 1 ಮಿ.ಲೀ. ಎಂದರೆ 24 ಮಿ.ಗ್ರಾಂ.; 6 ಮಿ.ಲೀ. ಎಂದರೆ 144 ಮಿ.ಗ್ರಾಂ. ಮಕ್ಕಳಿಗೆ ಒಂದು ಸಲಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 10ರಿಂದ 15 ಮಿ.ಗ್ರಾಂ. ಎಂಬುದು ರೂಢಿಯ ಲೆಕ್ಕ, 12 ಕೆ.ಜಿ.ಗೆ ಅದು 120ರಿಂದ 180 ಮಿ.ಗ್ರಾಂ. ಆಗುತ್ತದೆ. ಅಂದರೆ ವೈದ್ಯರ ಪ್ರಮಾಣ ಸರಿಯಾಗಿದೆ.

ಈಗ ಮನೆಯ ಕಪಾಟಿನಲ್ಲಿ ಅಣ್ಣನಿಗಾಗಿ ಹಿಂದೆ ತಂದಿದ್ದ 250ರ ಬಾಟಲಿ ಇದೆ, ಅವಧಿಯೂ ಮುಗಿದಿಲ್ಲ, ಹೆಸರೂ ಅದೇ ಎಂದು ಅದನ್ನೇ ತೆಗೆದರೆ, ಅದೇ 6 ಮಿ.ಲೀ.ಯಲ್ಲಿ 300 ಮಿ.ಗ್ರಾಂ. ಹೋಗುತ್ತದೆ. ಅದು ಕೆ.ಜಿ.ಗೆ 25 ಮಿ.ಗ್ರಾಂ. ಡ್ರಾಪ್ಸ್ ಬಾಟಲಿಯಿಂದ 6 ಮಿ.ಲೀ. ತೆಗೆದರೆ 600 ಮಿ.ಗ್ರಾಂ., ಕೆ.ಜಿ.ಗೆ 50. ಸಿರಿಂಜಿನಲ್ಲಿ ಗೆರೆಗೆ ಸರಿಯಾಗಿ ಅಳೆದರೂ ಈ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಇದು ಮೊದಲ ಹಂತ.

ಮಾಡಬೇಕಾದದ್ದು ಇಷ್ಟು. ಬಾಟಲಿಯ ಹಿಂಭಾಗದಲ್ಲಿ ‘ಪ್ರತಿ 5 ಮಿ.ಲೀ.ಯಲ್ಲಿ’ ಅಥವಾ ‘ಪ್ರತಿ 1 ಮಿ.ಲೀ.ಯಲ್ಲಿ’ ಎಷ್ಟು ಇದೆ ಎಂಬ ಸಾಲನ್ನು ಹುಡುಕಿ. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ `Each 5 ml contains` ಎಂದೋ `Each ml contains` ಎಂದೋ ಆರಂಭವಾಗುತ್ತದೆ. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದದ್ದರೊಡನೆ ಹೋಲಿಸಿ. ಚೀಟಿಯಲ್ಲಿ ಗಾಢತೆ ಬರೆದಿಲ್ಲದಿದ್ದರೆ, ಅಥವಾ ಅಂಗಡಿಯವರು ಬೇರೆ ಕಂಪನಿಯ ಬಾಟಲಿ ಕೊಟ್ಟಿದ್ದರೆ, ಎಷ್ಟು ಮಿ.ಲೀ. ಎಂಬುದನ್ನು ವೈದ್ಯರಿಗೆ ಅಥವಾ ಔಷಧ ಅಂಗಡಿಯ ಫಾರ್ಮಸಿಸ್ಟರಿಗೆ ಬಾಟಲಿ ತೋರಿಸಿ ಕೇಳಿಕೊಳ್ಳಿ. ಮೇಲಿನ ಲೆಕ್ಕ ಇರುವುದು ಹೊಂದಾಣಿಕೆ ನೋಡಲು ಮಾತ್ರ, ವೈದ್ಯರ ಬದಲಿಗೆ ನೀವೇ ಪ್ರಮಾಣ ಗೊತ್ತುಮಾಡಲು ಅಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ಬಾಟಲಿಯನ್ನೂ ನೋಡಬೇಕಾಗುತ್ತದೆ. ಮಗುವಿಗೆ ನೆಗಡಿಯ ಸಿರಪ್ ಕೂಡ ಕೊಡುತ್ತಿದ್ದರೆ ಅದರ ಹಿಂಭಾಗವನ್ನೂ ಓದಿ. ಹಲವು ನೆಗಡಿ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಎರಡನ್ನೂ ಕೊಟ್ಟರೆ ಒಂದೇ ಔಷಧವನ್ನು ಎರಡು ಬಾಟಲಿಯಿಂದ ಕೊಟ್ಟಂತಾಗುತ್ತದೆ.

## ಹಂತ 2: ಚೀಟಿಯ ‘ಚಮಚ’ವನ್ನು ಮಿಲಿಲೀಟರ್‌ಗೆ ತನ್ನಿ

ದವಾಖಾನೆಯ ಗಡಿಬಿಡಿಯಲ್ಲಿ ‘ಒಂದು ಚಮಚ ದಿನಕ್ಕೆ ಮೂರು ಸಲ’ ಎಂದು ಬಾಯಲ್ಲಿ ಹೇಳಿ ಕಳಿಸುವುದು ಇನ್ನೂ ಇದೆ. ಹೇಳುವವರ ಮನಸ್ಸಿನಲ್ಲಿ ಅದು 5 ಮಿ.ಲೀ.; ಕೇಳುವವರ ಮನಸ್ಸಿನಲ್ಲಿ ಅದು ಮನೆಯ ಚಮಚ. ಹೊರಡುವ ಮೊದಲೇ ‘ಎಷ್ಟು ಮಿ.ಲೀ. ಡಾಕ್ಟ್ರೇ?’ ಎಂದು ಕೇಳಿ, ಅದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ಬಾಟಲಿಗೆ ಅಂಟುಪಟ್ಟಿ ಹಚ್ಚಿ ‘6 ಮಿ.ಲೀ.’ ಎಂದು ದೊಡ್ಡದಾಗಿ ಬರೆಯಿರಿ. ಹಗಲಿನಲ್ಲಿ ಅಜ್ಜಿಯೋ ಅತ್ತೆಯೋ ಔಷಧ ಕೊಡುವ ಮನೆಗಳಲ್ಲಿ ಈ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬಾಯಿಂದ ಬಾಯಿಗೆ ದಾಟುವಾಗ ‘ಆರು ಎಂ.ಎಲ್.’ ಎಂಬುದು ‘ಒಂದು ಚಮಚಕ್ಕಿಂತ ಸ್ವಲ್ಪ ಜಾಸ್ತಿ’ ಎಂದಾಗಿಬಿಡುತ್ತದೆ.

ದಶಮಾಂಶ ಬಿಂದುವನ್ನು ವಿಶೇಷವಾಗಿ ನೋಡಿಕೊಳ್ಳಿ. ‘.5’ ಎಂದು ಬರೆದ ಚೀಟಿಯ ಬಿಂದು ಮಡಿಕೆಯಲ್ಲಿ ಅಳಿಸಿಹೋದರೆ ಉಳಿಯುವುದು 5, ಅಂದರೆ ಹತ್ತು ಪಟ್ಟು. ನೀವು ಬರೆಯುವಾಗ ‘0.5’ ಎಂದು ಸೊನ್ನೆ ಸೇರಿಸಿಯೇ ಬರೆಯಿರಿ.

## ಹಂತ 3: ಪ್ರಮಾಣಕ್ಕೆ ತಕ್ಕ ಸಾಧನ ಆರಿಸಿ

ಅಡುಗೆಮನೆಯ ಚಮಚ. ಇದನ್ನು ಔಷಧಕ್ಕೆ ಬಳಸಲೇಬಾರದು, ಬೇರೇನೂ ಇಲ್ಲವೆಂದರೂ. ಗ್ರೀಸ್ ದೇಶದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 25 ಮನೆಗಳ ಟೀ ಚಮಚಗಳನ್ನು ಅಳೆದು ನೋಡಿದಾಗ, ಅವುಗಳಲ್ಲಿ ಹಿಡಿಸುವ ದ್ರವ 2.5 ಮಿ.ಲೀ.ಯಿಂದ 7.3 ಮಿ.ಲೀ.ವರೆಗೆ ಇತ್ತು. ನಮ್ಮ 120ರ ಸಿರಪ್ಪಿಗೆ ಇದನ್ನು ಅನ್ವಯಿಸಿದರೆ, ‘ಒಂದು ಚಮಚ’ ಒಂದು ಮನೆಯಲ್ಲಿ 60 ಮಿ.ಗ್ರಾಂ., ಇನ್ನೊಂದು ಮನೆಯಲ್ಲಿ 175 ಮಿ.ಗ್ರಾಂ. ಆಗುತ್ತದೆ. ಮೊದಲ ಮನೆಯಲ್ಲಿ ಜ್ವರ ಇಳಿಯುವುದಿಲ್ಲ. ಇಳಿಯಲಿಲ್ಲವೆಂದು ಎರಡು ಗಂಟೆಗೇ ಮತ್ತೊಂದು ಚಮಚ ಕೊಡುತ್ತಾರೆ.

ನಮ್ಮ ಮನೆಗಳಲ್ಲಿಯೂ ಸಕ್ಕರೆ ಡಬ್ಬಿಯ ಚಮಚ, ಉಪ್ಪಿನಕಾಯಿ ಚಮಚ, ಪಾಯಸ ತಿನ್ನುವ ಚಮಚ ಎಲ್ಲವೂ ಬೇರೆಬೇರೆ ಆಳದವು. ಅನುಮಾನವಿದ್ದರೆ ಸಿರಿಂಜಿನಲ್ಲಿ 5 ಮಿ.ಲೀ. ನೀರು ಎಳೆದು ನಿಮ್ಮ ಚಮಚಗಳಿಗೆ ಒಂದೊಂದಾಗಿ ಹಾಕಿ ನೋಡಿ. ಒಂದರಲ್ಲಿ ತುಳುಕುತ್ತದೆ, ಇನ್ನೊಂದರಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಯಾವುದೋ ಒಂದರಲ್ಲಿ ಸರಿಯಾಗಿ ಕೂತರೂ ಅದನ್ನು ಔಷಧದ ಚಮಚವೆಂದು ಗುರುತು ಮಾಡಿಕೊಳ್ಳಬೇಡಿ. ‘ತುಂಬ’ ಎಂಬುದನ್ನು ಒಬ್ಬರು ಅಂಚಿನ ಮಟ್ಟಕ್ಕೂ ಇನ್ನೊಬ್ಬರು ಉಬ್ಬಿ ನಿಲ್ಲುವವರೆಗೂ ತುಂಬುತ್ತಾರೆ.

ಅಳತೆ ಮುಚ್ಚಳ. ಬಾಟಲಿಯ ತಲೆಯ ಮೇಲೆ ಕೂತು ಬರುವ ಗೆರೆಯುಳ್ಳ ಪಾರದರ್ಶಕ ಮುಚ್ಚಳ ಚಮಚಕ್ಕಿಂತ ಖಂಡಿತ ಮೇಲು, ಆದರೆ ಸಣ್ಣ ಪ್ರಮಾಣಕ್ಕೆ ಅದು ಸಾಲದು. ಕಾರಣ ಅದರ ಅಗಲದಲ್ಲಿದೆ. ಒಳಗಿನ ಅಗಲ ಸುಮಾರು 3 ಸೆಂ.ಮೀ. ಇರುವ ಮುಚ್ಚಳದಲ್ಲಿ ದ್ರವದ ಮಟ್ಟ 1 ಮಿ.ಮೀ. ಏರುಪೇರಾದರೆ ಸುಮಾರು 0.7 ಮಿ.ಲೀ. ವ್ಯತ್ಯಾಸವಾಗುತ್ತದೆ. ಒಳಗಿನ ಅಗಲ ಸುಮಾರು 1.2 ಸೆಂ.ಮೀ. ಇರುವ 5 ಮಿ.ಲೀ. ಸಿರಿಂಜಿನಲ್ಲಿ ಅದೇ 1 ಮಿ.ಮೀ. ತಪ್ಪಿದರೆ ಆಗುವ ವ್ಯತ್ಯಾಸ ಸುಮಾರು 0.1 ಮಿ.ಲೀ. ಮಾತ್ರ. ಎರಡರಲ್ಲೂ ಕಣ್ಣು ತಪ್ಪುವುದು ಅಷ್ಟೇ. ಮಗುವಿನ ಹೊಟ್ಟೆಗೆ ಹೋಗುವ ತಪ್ಪು ಮಾತ್ರ ಒಂದರಲ್ಲಿ ಆರೇಳು ಪಟ್ಟು ದೊಡ್ಡದು. 2.5 ಮಿ.ಲೀ. ಕೊಡಬೇಕಾದಲ್ಲಿ 0.7 ತಪ್ಪಿದರೆ ಅದು ಕಾಲು ಭಾಗಕ್ಕಿಂತ ಹೆಚ್ಚು, 15 ಮಿ.ಲೀ. ಕುಡಿಯುವ ದೊಡ್ಡವರಿಗೆ ಅದೇ 0.7 ಗಣನೆಗೆ ಬರುವುದಿಲ್ಲ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಂದೆತಾಯಂದಿರಿಂದ ಔಷಧ ಅಳೆಯಿಸಿ ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿಯೂ ಸಿರಿಂಜಿಗಿಂತ ಮುಚ್ಚಳದಂಥ ಕಪ್ಪಿನಲ್ಲಿ ತಪ್ಪುಗಳು ಬಹಳ ಹೆಚ್ಚಾಗಿದ್ದವು, ಸಣ್ಣ ಪ್ರಮಾಣಗಳಲ್ಲಿ ಇನ್ನೂ ಹೆಚ್ಚು.

ಸಿರಿಂಜು. 10 ಮಿ.ಲೀ.ಗಿಂತ ಕಡಿಮೆ ಇರುವ ಯಾವುದೇ ಪ್ರಮಾಣಕ್ಕೆ ಇದನ್ನೇ ಬಳಸಿ. 10 ಮಿ.ಲೀ. ಮತ್ತು ಅದಕ್ಕಿಂತ ಹೆಚ್ಚಿಗೆ, ಮುಚ್ಚಳದಲ್ಲಿ ಆ ಪ್ರಮಾಣದ ಗೆರೆ ಇದ್ದರೆ, ಮುಚ್ಚಳ ಸಾಕು. ನಮ್ಮ ಉದಾಹರಣೆಯ 6 ಮಿ.ಲೀ.ಗೆ ಮುಚ್ಚಳ ಬಳಸುವಂತೆಯೇ ಇಲ್ಲ. ಸಾಮಾನ್ಯ ಮುಚ್ಚಳದಲ್ಲಿ 2.5, 5, 10 ಎಂಬ ಗೆರೆಗಳಿರುತ್ತವೆಯೇ ಹೊರತು 6ರ ಗೆರೆ ಇರುವುದಿಲ್ಲ. ಎರಡು ಗೆರೆಗಳ ನಡುವೆ ಅಂದಾಜು ಮಾಡುವ ಪ್ರಸಂಗ ಬಂದಿತೆಂದರೆ ಸಾಧನ ಬದಲಿಸಬೇಕು ಎಂದು ತಿಳಿಯಿರಿ.

## ಹಂತ 4: ಸರಿಯಾದ ಸಿರಿಂಜು ತನ್ನಿ

ಬಾಯಿಗೆ ಔಷಧ ಹಾಕಲೆಂದೇ ತಯಾರಾದ ಸಿರಿಂಜು ಕೆಲವು ಮಕ್ಕಳ ಔಷಧಗಳ ಪೆಟ್ಟಿಗೆಯಲ್ಲೇ ಬರುತ್ತದೆ. ಶಿವಮೊಗ್ಗದ ದೊಡ್ಡ ಔಷಧ ಅಂಗಡಿಗಳಲ್ಲಿ ಕೇಳಿದರೆ ಬಿಡಿಯಾಗಿಯೂ ಸಿಗಬಹುದು. ಹಳ್ಳಿಯ ಕಡೆ ಅದು ಸಿಗದೆ ಇಂಜೆಕ್ಷನ್ ಸಿರಿಂಜನ್ನೇ ತರಬೇಕಾದರೆ, ಮುಚ್ಚಿದ ಪೊಟ್ಟಣದ ಹೊಸದನ್ನೇ ಕೊಳ್ಳಿ, ಮತ್ತು ಸೂಜಿಯನ್ನೂ ಸೂಜಿಯ ಪ್ಲಾಸ್ಟಿಕ್ ಟೋಪಿಯನ್ನೂ ಅಂಗಡಿಯಲ್ಲಿಯೇ ಬಿಡಿಸಿ ಅವರ ಕೈಗೇ ಕೊಟ್ಟುಬನ್ನಿ. ಆ ಟೋಪಿ ಸಣ್ಣದಾಗಿ, ಪಾರದರ್ಶಕವಾಗಿ ಇರುವುದರಿಂದ ತುದಿಗೆ ಸಿಕ್ಕಿಕೊಂಡಿದ್ದರೂ ಕಾಣುವುದಿಲ್ಲ, ಒತ್ತಿದ ಕೂಡಲೇ ಮಗುವಿನ ಗಂಟಲಿಗೆ ಚಿಮ್ಮಬಹುದು. ಬಾಯಿಗೆ ಹಾಕುವ ಸಿರಿಂಜಿಗೂ ಇಂಥ ಟೋಪಿ ಇದ್ದರೆ ಅದನ್ನೂ ಮೊದಲ ದಿನವೇ ಎಸೆಯಿರಿ.

ಗೆರೆಗಳನ್ನು ಅಂಗಡಿಯಲ್ಲೇ ಎಣಿಸಿ ನೋಡಿ. ಸಾಮಾನ್ಯ 5 ಮಿ.ಲೀ. ಸಿರಿಂಜಿನಲ್ಲಿ 1 ಮಿ.ಲೀ.ಯ ಅಂತರವನ್ನು ಐದು ಭಾಗ ಮಾಡಿರುತ್ತಾರೆ. ಅಂದರೆ ಒಂದು ಸಣ್ಣ ಗೆರೆಗೆ 0.2 ಮಿ.ಲೀ. ಇದನ್ನು 0.1 ಎಂದು ಭಾವಿಸಿದವರು 2.5 ಕೊಡಬೇಕಾದಲ್ಲಿ ‘2’ರ ಮೇಲೆ ಐದು ಗೆರೆ ಎಣಿಸಿ 3ಕ್ಕೆ ಹೋಗಿ ನಿಲ್ಲುತ್ತಾರೆ. ನಿಜವಾಗಿ 2.5 ಇರುವುದು 2ರ ನಂತರದ ಎರಡನೆಯ ಮತ್ತು ಮೂರನೆಯ ಗೆರೆಗಳ ನಡುವೆ. ಪ್ರಮಾಣ 2 ಮಿ.ಲೀ.ಗಿಂತ ಕಡಿಮೆ ಇದ್ದರೆ 2 ಮಿ.ಲೀ. ಸಿರಿಂಜನ್ನೂ, 1 ಮಿ.ಲೀ.ಗಿಂತ ಕಡಿಮೆ ಇದ್ದರೆ 1 ಮಿ.ಲೀ. ಸಿರಿಂಜನ್ನೂ ತನ್ನಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಇನ್ಸುಲಿನ್ ಸಿರಿಂಜನ್ನು ಈ ಕೆಲಸಕ್ಕೆ ತೆಗೆಯಲೇಬೇಡಿ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಇನ್ಸುಲಿನ್ ಸಿರಿಂಜಿನಲ್ಲಿ 40 ಎಂದು ಬರೆದಿರುವ ಗೆರೆ 1 ಮಿ.ಲೀ.ಗೆ ಸಮ, ಅಲ್ಲಿನ ಸಂಖ್ಯೆಗಳು ಯೂನಿಟ್‌ಗಳು, ಮಿಲಿಲೀಟರ್‌ಗಳಲ್ಲ. ಸೂಜಿಯೂ ಅದರಲ್ಲಿ ಹೆಚ್ಚಾಗಿ ಬಿಡಿಸಲಾಗದಂತೆ ಕೂತಿರುತ್ತದೆ.

## ಹಂತ 5: ಔಷಧವನ್ನು ಅಳತೆಗೆ ಸಿದ್ಧಮಾಡಿ

ಸಸ್ಪೆನ್ಷನ್ ಎಂದು ಬರೆದಿರುವ ಬಾಟಲಿಯಲ್ಲಿ ಔಷಧ ಕರಗಿರುವುದಿಲ್ಲ, ಕಣಗಳಾಗಿ ತೇಲಿಕೊಂಡಿರುತ್ತದೆ. ನಿಲ್ಲಿಸಿಟ್ಟರೆ ತಳಕ್ಕೆ ಇಳಿಯುತ್ತದೆ. ಕುಲುಕದೆ ಮೇಲಿನಿಂದ ತೆಗೆದರೆ ಮೊದಲ ದಿನಗಳಲ್ಲಿ ತೆಳುವಾದದ್ದು, ಕೊನೆಯ ದಿನಗಳಲ್ಲಿ ಗಾಢವಾದದ್ದು ಮಗುವಿಗೆ ಹೋಗುತ್ತದೆ. ಬಾಟಲಿಯನ್ನು ಬುಡಮೇಲು ಮಾಡಿ ತಳ ಬರಿದಾಗಿದೆಯೇ ಎಂದು ನೋಡುವವರೆಗೂ ಕುಲುಕಿ. ಆಮೇಲೆ ನೊರೆ ಇಳಿಯಲು ಅರ್ಧ ನಿಮಿಷ ಬಿಡಿ. ನೊರೆಯ ಸಮೇತ ಎಳೆದರೆ ಗಾಳಿಯನ್ನು ಔಷಧವೆಂದು ಅಳೆದಂತಾಗುತ್ತದೆ.

ಪುಡಿಯ ರೂಪದಲ್ಲಿ ಬರುವ ಆ್ಯಂಟಿಬಯಾಟಿಕ್ ಡ್ರೈ ಸಿರಪ್‌ಗಳಲ್ಲಿ ನೀರಿನ ಪ್ರಮಾಣವೇ ಗಾಢತೆಯನ್ನು ತೀರ್ಮಾನಿಸುತ್ತದೆ. ನೀರು ಕಡಿಮೆಯಾದರೆ ಪ್ರತಿ ಮಿ.ಲೀ.ಯೂ ಗಾಢವಾಗುತ್ತದೆ, ಹೆಚ್ಚಾದರೆ ತೆಳುವಾಗುತ್ತದೆ. ಆಮೇಲೆ ಸಿರಿಂಜು ಎಷ್ಟು ನಿಖರವಾಗಿದ್ದರೂ ಪ್ರಯೋಜನವಿಲ್ಲ. ಮೊದಲು ಬಾಟಲಿಯನ್ನು ತಟ್ಟಿ ಪುಡಿಯನ್ನು ಸಡಿಲಗೊಳಿಸಿ. ಜೊತೆಗೆ ನೀರಿನ ಸಣ್ಣ ಬಾಟಲಿ ಕೊಟ್ಟಿದ್ದರೆ ಅದನ್ನು ಹೇಳಿದಂತೆ ಹಾಕಿ. ಕೊಟ್ಟಿಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿನ ಅರ್ಧದವರೆಗೆ ಹಾಕಿ ಚೆನ್ನಾಗಿ ಕುಲುಕಿ, ಪುಡಿಯ ಗಂಟುಗಳು ಹೋದ ಮೇಲೆ ಬಾಟಲಿಯ ಮೇಲಿನ ಬಾಣದ ಗುರುತಿನವರೆಗೆ ತುಂಬಿ ಮತ್ತೆ ಕುಲುಕಿ. ನೊರೆ ಇಳಿದಾಗ ಮಟ್ಟ ಗುರುತಿಗಿಂತ ಕೆಳಗೆ ಹೋಗಿರುತ್ತದೆ. ಆಗ ಗುರುತಿನವರೆಗೆ ಇನ್ನಷ್ಟು ನೀರು ಸೇರಿಸಬೇಕು. ಈ ಕೊನೆಯ ತುಂಬುವಿಕೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬೆರೆಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆದು, ಪಟ್ಟಿಯಲ್ಲಿ ಹೇಳಿದಷ್ಟು ದಿನಗಳ ನಂತರ ಚೆಲ್ಲಿಬಿಡಿ. ಫ್ರಿಜ್‌ನಲ್ಲಿಡಬೇಕೆಂದು ಬರೆದಿರುವ ಔಷಧವನ್ನು ದಿನಗಟ್ಟಲೆ ಕರೆಂಟಿಲ್ಲದ ಮಳೆಗಾಲದಲ್ಲಿ ಹೇಗೆ ಇಡಬೇಕೆಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ಫ್ರಿಜ್ ಬೇಡದ ಬೇರೆ ಔಷಧ ಬರೆದುಕೊಡಲು ವೈದ್ಯರಿಗೆ ಸಾಧ್ಯವಾಗಬಹುದು.

## ಹಂತ 6: ಸಿರಿಂಜಿನಲ್ಲಿ ಎಳೆಯುವುದು

ಕೈ ತೊಳೆದು ಒರೆಸಿಕೊಳ್ಳಿ. ಒಳಗಿನ ದಂಡವನ್ನು ಪೂರ್ತಿ ಕೆಳಗೆ ಒತ್ತಿ ಸಿರಿಂಜಿನ ಗಾಳಿಯನ್ನು ಹೊರಹಾಕಿ. ಬಾಟಲಿಯ ಬಾಯಿಗೆ ಕೂರುವ ರಂಧ್ರದ ಬಿರಡೆ ಕೊಟ್ಟಿದ್ದರೆ, ಅದನ್ನು ಒತ್ತಿ ಕೂರಿಸಿ, ಸಿರಿಂಜಿನ ತುದಿಯನ್ನು ಅದರ ರಂಧ್ರಕ್ಕೆ ಬಿಗಿಯಾಗಿ ಸೇರಿಸಿ ಎರಡನ್ನೂ ಒಟ್ಟಿಗೆ ಬುಡಮೇಲು ಮಾಡಿ ಎಳೆಯಿರಿ. ಬಿರಡೆ ಇಲ್ಲದಿದ್ದರೆ ಬಟ್ಟಲಿಗೆ ಬೇಕಾದುದಕ್ಕಿಂತ ತುಸು ಹೆಚ್ಚು ಬಗ್ಗಿಸಿಕೊಂಡು, ತುದಿಯನ್ನು ದ್ರವದೊಳಗೆ ಮುಳುಗಿಸಿ ಎಳೆಯಿರಿ. ಬಟ್ಟಲಿನಲ್ಲಿ ಉಳಿದದ್ದನ್ನು ಬಾಟಲಿಗೆ ಮರಳಿ ಸುರಿಯಬಾರದು. ಅದನ್ನು ಮಗುವಿಗೆ ‘ವ್ಯರ್ಥವಾಗುತ್ತದೆ’ ಎಂದು ಕುಡಿಸಲೂಬಾರದು.

ಬೇಕಾದ ಗೆರೆಯನ್ನು ಸ್ವಲ್ಪ ದಾಟಿ ಎಳೆದು, ತುದಿಯನ್ನು ಮೇಲ್ಮುಖವಾಗಿ ಹಿಡಿದು ಬೆರಳಿನಿಂದ ತಟ್ಟಿ. ಗುಳ್ಳೆಗಳು ಮೇಲಕ್ಕೆ ಬರುತ್ತವೆ. ದಂಡವನ್ನು ನಿಧಾನವಾಗಿ ಒತ್ತಿ ಅವನ್ನು ಹೊರಹಾಕುತ್ತಾ ಸರಿಯಾದ ಗೆರೆಗೆ ತನ್ನಿ. ಸಾಸಿವೆ ಗಾತ್ರದ ಒಂದು ಗುಳ್ಳೆ ಉಳಿದರೆ ಚಿಂತೆಯಿಲ್ಲ. ಕಾಲು ಇಂಚಿನಷ್ಟು ಗಾಳಿಯಿದ್ದರೆ ಮತ್ತೆ ಎಳೆಯಬೇಕು.

ಓದುವುದು ಎಲ್ಲಿ ಎಂಬಲ್ಲಿ ಹೆಚ್ಚಿನ ತಪ್ಪಾಗುತ್ತದೆ. ದಂಡದ ತಲೆಯಲ್ಲಿರುವ ಕಪ್ಪು ರಬ್ಬರಿಗೆ ಎರಡು ಉಂಗುರಗಳಂಥ ಅಂಚುಗಳಿರುತ್ತವೆ. ಸಿರಿಂಜಿನ ತುದಿಗೆ ಹತ್ತಿರವಿರುವ, ಗೋಡೆಗೆ ಪೂರ್ತಿ ತಾಗಿಕೊಂಡಿರುವ ಅಂಚಿನ ಮೇಲುಗೆರೆಯಲ್ಲಿ ಓದಬೇಕು. ರಬ್ಬರಿನ ಮಧ್ಯಭಾಗ ಗೋಪುರದಂತೆ ಚೂಪಾಗಿದ್ದರೆ ಅದರ ಶಿಖರದಲ್ಲಿ ಓದಬಾರದು. ಹಿಂದಿನ ಅಂಚಿನಲ್ಲಿಯೂ ಓದಬಾರದು. ಹಿಂದಿನ ಅಂಚನ್ನು ಗೆರೆಗೆ ತಂದರೆ ಪ್ರತಿ ಸಲವೂ ಔಷಧ ಕಡಿಮೆ ಹೋಗುತ್ತದೆ.

ನಮ್ಮ ಮಗುವಿನ 6 ಮಿ.ಲೀ.ಗೆ 10 ಮಿ.ಲೀ. ಸಿರಿಂಜು ಇದ್ದರೆ ಒಂದೇ ಸಲ. 5 ಮಿ.ಲೀ.ಯದು ಮಾತ್ರ ಇದ್ದರೆ 3 ಮತ್ತು 3 ಎಂದು ಎರಡು ಸಲ ಸಮವಾಗಿ ಎಳೆಯಿರಿ. 5 ಮತ್ತು 1 ಎಂದು ಮಾಡಿದರೆ ಲೆಕ್ಕ ಸರಿಯೇ, ಆದರೆ ಮಗು ಅಳುವ ಗಲಾಟೆಯಲ್ಲಿ ಎರಡನೆಯ ಸಲ ಎಷ್ಟು ಎಂಬುದು ಮರೆತು ಮತ್ತೆ 5 ಎಳೆದುಬಿಡುವುದುಂಟು.

## ಹಂತ 7: ಮುಚ್ಚಳದಲ್ಲಿಯೇ ಅಳೆಯಬೇಕಾದರೆ

ಮುಚ್ಚಳವನ್ನು ಮೇಜಿನ ಮೇಲೆ ಅಥವಾ ಸಮನಾದ ಕಟ್ಟೆಯ ಮೇಲೆ ಇಟ್ಟು ಸುರಿಯಿರಿ. ನಂತರ ಮುಚ್ಚಳವನ್ನು ಎತ್ತಬೇಡಿ, ನೀವೇ ಬಗ್ಗಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತನ್ನಿ. ಮೇಲಿನಿಂದ ನೋಡಿದರೆ ದ್ರವ ಗೆರೆ ಮುಟ್ಟುವ ಮೊದಲೇ ಮುಟ್ಟಿದಂತೆ ಕಾಣುತ್ತದೆ. ಎತ್ತಿ ಹಿಡಿದು ಕೆಳಗಿನಿಂದ ನೋಡಿದರೆ ದಾಟಿದರೂ ಮುಟ್ಟದಂತೆ ಕಾಣುತ್ತದೆ. ದ್ರವದ ಮೇಲ್ಮೈ ಅಂಚುಗಳಲ್ಲಿ ಏರಿ ನಡುವೆ ತಗ್ಗಿರುತ್ತದೆ. ಆ ತಗ್ಗು ಗೆರೆಗೆ ತಾಗಬೇಕು.

ಮುಚ್ಚಳದ ಮೇಲೆ ಬಣ್ಣವಿಲ್ಲದ ಉಬ್ಬುಗೆರೆಗಳು ಮಾತ್ರ ಇದ್ದರೆ ಬೇಕಾದ ಗೆರೆಯನ್ನು ಪೆನ್ನಿನಿಂದ ಹೊರಗಡೆ ಗುರುತು ಮಾಡಿಕೊಳ್ಳಿ. ಒಂದು ಬಾಟಲಿಯ ಮುಚ್ಚಳವನ್ನು ಇನ್ನೊಂದಕ್ಕೆ ಬಳಸುವ ಅಭ್ಯಾಸ ಬಿಡಿ. ಗೆರೆಗಳ ಹಂಚಿಕೆ ಒಂದೇ ಇರುವುದಿಲ್ಲ. ಡ್ರಾಪ್ಸ್ ಬಾಟಲಿಯ ಡ್ರಾಪರ್‌ಗೂ ಇದೇ ಮಾತು. ಕುಡಿದ ಮೇಲೆ ಒಳಗೋಡೆಗೆ ಅಂಟಿದ ಸಿರಪ್ಪಿಗೆ ಸ್ವಲ್ಪ ಕುಡಿಯುವ ನೀರು ಹಾಕಿ ಕಲಕಿ ಅದನ್ನೂ ಕುಡಿಸಿ.

## ಹಂತ 8: ಕುಡಿಸುವುದು

ಮಗುವನ್ನು ಮಲಗಿಸಿ ಕೊಡಬೇಡಿ. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಸಿರಿಂಜಿನ ತುದಿಯನ್ನು ವಸಡು ಮತ್ತು ಕೆನ್ನೆಯ ನಡುವೆ ಇರಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು ಎಂಬಂತೆ ಅರ್ಧರ್ಧ ಮಿ.ಲೀ.ಯಾಗಿ ಒತ್ತಿ. ನಾಲಿಗೆಯ ಹಿಂಭಾಗಕ್ಕೆ ಜೋರಾಗಿ ಚಿಮ್ಮಿಸಿದರೆ ಉಸಿರುನಾಳಕ್ಕೆ ಹೋಗುವ ಅಪಾಯವಿದೆ. ಮೂಗು ಒತ್ತಿ ಬಾಯಿ ತೆರೆಸುವ ಹಳೆಯ ಉಪಾಯದಲ್ಲಿ ಆ ಅಪಾಯ ಇನ್ನೂ ಹೆಚ್ಚು.

ಲೋಟದ ತುಂಬ ಹಾಲಿಗೆ ಔಷಧ ಬೆರೆಸಿದರೆ ಮಗು ಅರ್ಧ ಹಾಲು ಬಿಟ್ಟಾಗ ಎಷ್ಟು ಔಷಧ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಉಗುಳಿದಾಗ ಅಥವಾ ವಾಂತಿಯಾದಾಗಲೂ ಹಾಗೆಯೇ: ಅಂದಾಜಿನ ಮೇಲೆ ಮತ್ತೊಂದು ಪೂರ್ತಿ ಪ್ರಮಾಣ ಕೊಡದೆ, ಎಷ್ಟು ಹೊತ್ತಿಗೆ ವಾಂತಿಯಾಯಿತೆಂದು ಬರೆದುಕೊಂಡು ವೈದ್ಯರಿಗೆ ಫೋನ್ ಮಾಡಿ ಕೇಳಿ.

## ಹಂತ 9: ಹೊತ್ತು ಬರೆಯಿರಿ, ಸಿರಿಂಜು ತೊಳೆಯಿರಿ

ಕೊಟ್ಟ ಕೂಡಲೇ ಕಾಗದದ ಮೇಲೆ ಹೊತ್ತು, ಮಿ.ಲೀ., ಕೊಟ್ಟವರು ಯಾರು ಎಂದು ಬರೆದು ಬಾಟಲಿಯ ಕೆಳಗೆ ಇಡಿ. ಪ್ಯಾರಾಸಿಟಮಾಲ್‌ಗೆ ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರವಿರಬೇಕು, 24 ಗಂಟೆಯಲ್ಲಿ 4 ಸಲ ಮೀರಬಾರದು. ಬೆಳಿಗ್ಗೆ ಅಮ್ಮ ಕೊಟ್ಟು ತೋಟಕ್ಕೆ ಹೋದ ಮೇಲೆ, ಅದು ತಿಳಿಯದೆ ಅಜ್ಜ ಒಂದು ಸಲ ಕೊಟ್ಟರೆ ಅಳತೆ ಎರಡೂ ಸಲ ಸರಿಯಾಗಿದ್ದೂ ಮಗುವಿಗೆ ದುಪ್ಪಟ್ಟು ಹೋಗುತ್ತದೆ.

ದಂಡವನ್ನು ಪೂರ್ತಿ ಹೊರಗೆಳೆದು, ಎರಡು ಭಾಗಗಳನ್ನೂ ಸೋಪಿನ ಬೆಚ್ಚಗಿನ ನೀರಿನಲ್ಲಿ ತೊಳೆದು, ಕುಡಿಯುವ ನೀರಿನಲ್ಲಿ ಜಾಲಿಸಿ, ಬಿಡಿಬಿಡಿಯಾಗಿಯೇ ಒಣಗಲು ಇಡಿ. ತಯಾರಕರು ಹೇಳಿರದಿದ್ದರೆ ಕುದಿಸಬೇಡಿ. ಗೆರೆಗಳು ಅಳಿಸುತ್ತವೆ, ರಬ್ಬರ್ ಸಡಿಲವಾಗುತ್ತದೆ. ಆಗುಂಬೆ, ತೀರ್ಥಹಳ್ಳಿ ಕಡೆಯ ಆಷಾಢದ ತೇವದಲ್ಲಿ ಒದ್ದೆ ಸಿರಿಂಜನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ರಬ್ಬರಿನ ಮಡಿಕೆಯಲ್ಲಿ ಬೂಷ್ಟು ಬರುತ್ತದೆ. ಬೂಷ್ಟಿನ ಚುಕ್ಕೆ ಕಂಡರೆ, ಗೆರೆ ಮಾಸಿದರೆ, ದಂಡ ಬಿಗಿದು ಎಳೆಯುವಾಗ ಹಾರಿಹಾರಿ ಬಂದರೆ, ಅಥವಾ ತುದಿಯನ್ನು ಕೆಳಗೆ ಹಿಡಿದಾಗ ಔಷಧ ತಾನೇ ತೊಟ್ಟಿಕ್ಕಿದರೆ ಹೊಸದು ತನ್ನಿ.

## ಎಚ್ಚರಿಕೆಯ ಲಕ್ಷಣಗಳು

ಬಾಟಲಿ ಬೇಗ ಖಾಲಿಯಾಗುವುದು ಮೊದಲ ಲಕ್ಷಣ. 60 ಮಿ.ಲೀ. ಬಾಟಲಿಯಿಂದ 6 ಮಿ.ಲೀ.ಯಂತೆ ಹತ್ತು ಸಲ ಬರಬೇಕು. ಏಳನೆಯ ಸಲಕ್ಕೇ ಮುಗಿದರೆ ಪ್ರತಿ ಸಲವೂ ಹೆಚ್ಚು ಹೋಗಿದೆ, ಇಲ್ಲವೇ ಬಟ್ಟಲಿನಲ್ಲಿ ಹೆಚ್ಚು ಚೆಲ್ಲಿದ್ದೀರಿ. ಹದಿಮೂರು ಸಲ ಬಂದರೆ ಕಡಿಮೆ ಹೋಗಿದೆ. ಹತ್ತನೆಯ ಸಲ ಸಾಲದೆ ಬಂದರೆ ಗಾಬರಿ ಬೇಡ, ಬಟ್ಟಲಿಗೂ ಬಾಟಲಿಯ ಗೋಡೆಗೂ ಸ್ವಲ್ಪ ಅಂಟಿಕೊಂಡೇ ಹೋಗುತ್ತದೆ.

ಸರಿಯಾಗಿ ಅಳೆದು ಕೊಟ್ಟರೂ ಜ್ವರ ಎರಡು ಮೂರು ದಿನ ಮುಂದುವರಿದರೆ ಪ್ರಮಾಣ ಏರಿಸದೆ ಮಗುವನ್ನು ತೋರಿಸಿ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಕಾಡಂಚಿನ ಮನೆಯವರು ಜ್ವರವನ್ನು ಸಿರಪ್ಪಿನಲ್ಲೇ ತಡೆದುಕೊಂಡು ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಅಳೆಯುವ ಮಾತೇ ಇಲ್ಲ, ನೇರವಾಗಿ ವೈದ್ಯರ ಬಳಿಗೆ ಕರೆದೊಯ್ಯಿರಿ.

ತಪ್ಪು ಬಾಟಲಿಯಿಂದ ಕೊಟ್ಟದ್ದು ಅಥವಾ ಪ್ರಮಾಣ ಮೀರಿದ್ದು ಗೊತ್ತಾದರೆ ಮಗು ಆಟವಾಡಿಕೊಂಡಿದೆ ಎಂದು ಕಾಯಬಾರದು. ಪ್ಯಾರಾಸಿಟಮಾಲ್ ಮಿತಿಮೀರಿದಾಗ ಮೊದಲ ದಿನ ಏನೂ ಕಾಣಿಸದಿರಬಹುದು, ಅಥವಾ ವಾಕರಿಕೆ, ವಾಂತಿ, ಊಟ ಸೇರದಿರುವುದು, ಬೆವರುವುದು ಮಾತ್ರ ಕಾಣಬಹುದು; ಯಕೃತ್ತಿಗೆ ಆದ ಹಾನಿ ಹೊಟ್ಟೆಯ ಬಲಮೇಲ್ಭಾಗದ ನೋವಾಗಿ, ಕಾಮಾಲೆಯಾಗಿ ಹೊರಗೆ ಕಾಣುವುದು ಆಮೇಲೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಔಷಧವಿದೆ, ಆದರೆ ಸೇವಿಸಿದ 8 ಗಂಟೆಯೊಳಗೆ ಆರಂಭಿಸಿದಾಗ ಅದು ಅತಿ ಚೆನ್ನಾಗಿ ಕೆಲಸ ಮಾಡುತ್ತದೆ. ಘಟ್ಟದ ರಸ್ತೆಯಲ್ಲಿ ಶಿವಮೊಗ್ಗ ತಲುಪಲು ಬೇಕಾಗುವ ಹೊತ್ತನ್ನೂ ಆ 8 ಗಂಟೆಯಲ್ಲೇ ಲೆಕ್ಕ ಹಾಕಿಕೊಳ್ಳಬೇಕು. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಬಾಯಿಗೆ ಬೆರಳು ಹಾಕಬೇಡಿ. 108ಕ್ಕೆ ಕರೆ ಮಾಡಿ. ಹೊರಡುವಾಗ ಕೊಟ್ಟ ಬಾಟಲಿ, ಅಳೆದ ಸಿರಿಂಜು ಅಥವಾ ಮುಚ್ಚಳ ಅಥವಾ ಚಮಚ, ಮತ್ತು ಹೊತ್ತು ಬರೆದ ಕಾಗದ ಇಷ್ಟನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮಗುವಿನ ತೂಕಕ್ಕೆ ಎಷ್ಟು ಮಿ.ಗ್ರಾಂ. ಹೋಗಿದೆ ಎಂದು ಆಸ್ಪತ್ರೆಯವರು ಲೆಕ್ಕ ಹಾಕುವುದು ಇವುಗಳಿಂದಲೇ.